ನಿಮಗಿದು ಗೊತ್ತೇ? ಕೆಲಸಕ್ಕೆ ಬಿಡುವು ಕೊಡುವ ಹೆಣ್ಣುಮಕ್ಕಳ ಹಣದ ಲೆಕ್ಕ

ಮಗು ಚಿಕ್ಕದು, ಅತ್ತೆಗೆ ಹುಷಾರಿಲ್ಲ, ಯಜಮಾನರಿಗೆ ಬೇರೆ ಊರಿಗೆ ವರ್ಗವಾಗಿದೆ. ಕಾರಣ ಯಾವುದೇ ಇರಲಿ, ಎರಡು ಮೂರು ವರ್ಷ ಕೆಲಸಕ್ಕೆ ಬಿಡುವು ಕೊಡಲು ಹೊರಟವರು ಮೊದಲು ಕೇಳುವುದು ‘ಎಲ್ಲಿ ಹಾಕಿದರೆ ಹೆಚ್ಚು ಬಡ್ಡಿ ಬರುತ್ತೆ?’ ಎಂದು. ಅದು ಎರಡನೇ ಪ್ರಶ್ನೆ. ಹಣ ಯಾರ ಹೆಸರಿನಲ್ಲಿದೆ, ಯಾವ ದಿನಾಂಕಕ್ಕೆ ಏನಾಗುತ್ತದೆ ಎಂಬುದು ಮೊದಲನೆಯದು. ಸಂಬಳ ನಿಂತ ಮೇಲೂ ಒಬ್ಬ ಹೆಣ್ಣುಮಗಳು ತನ್ನ ಕಾಲ ಮೇಲೆ ನಿಲ್ಲುತ್ತಾಳೋ ಇಲ್ಲವೋ ಎಂಬುದನ್ನು ಹೆಚ್ಚಾಗಿ ತೀರ್ಮಾನಿಸುವುದು ಇವೆರಡೇ.

ಲೆಕ್ಕ ಸುಲಭವಾಗಲೆಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬೆಂಗಳೂರಿನ ಖಾಸಗಿ ಕಂಪನಿಯೊಂದರ ಉದ್ಯೋಗಿ, ವಯಸ್ಸು 33. ಮೂಲ ವೇತನ ತಿಂಗಳಿಗೆ 40,000 ರೂಪಾಯಿ. ಸೇವೆ 6 ವರ್ಷ 5 ತಿಂಗಳು. ಪಿ.ಎಫ್. ಖಾತೆಯಲ್ಲಿ 6 ಲಕ್ಷ, ಬ್ಯಾಂಕಿನಲ್ಲಿ 3.2 ಲಕ್ಷ ಇದೆ. 5 ಲಕ್ಷ ಹಾಕಿದ್ದ ಈಕ್ವಿಟಿ ಮ್ಯೂಚುವಲ್ ಫಂಡ್ ಈಗ 9.5 ಲಕ್ಷವಾಗಿದೆ. ಮೂರು ವರ್ಷ ಬಿಡುವು ಬೇಕು ಎನ್ನುತ್ತಾಳೆ.

ಎರಡು ತಿಂಗಳು ತಡೆದು ರಾಜೀನಾಮೆ ಕೊಟ್ಟರೆ 23,000 ರೂಪಾಯಿ ಹೆಚ್ಚು ಸಿಗಬಹುದು, ಗೊತ್ತೇ?

ಐದು ವರ್ಷ ಸತತ ಸೇವೆ ಮುಗಿಸಿದವರಿಗೆ ಗ್ರಾಚ್ಯುಟಿ ಹಕ್ಕಾಗಿ ಬರುತ್ತದೆ. ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಬಂದದ್ದನ್ನು ಸೇವೆಯ ವರ್ಷಗಳಿಂದ ಗುಣಿಸಬೇಕು. ನಮ್ಮ ಉದಾಹರಣೆಯಲ್ಲಿ ಒಂದು ವರ್ಷದ ಸೇವೆಗೆ 23,077 ರೂಪಾಯಿ. ಕೊನೆಯ ವರ್ಷದಲ್ಲಿ ಆರು ತಿಂಗಳು ಮೀರಿದ್ದರೆ ಅದನ್ನು ಪೂರ್ತಿ ವರ್ಷವೆಂದೇ ಎಣಿಸಬೇಕು ಎನ್ನುತ್ತದೆ ಕಾನೂನು. ಹಾಗಾಗಿ 6 ವರ್ಷ 5 ತಿಂಗಳಿಗೆ ಬಿಟ್ಟರೆ ಆರು ವರ್ಷದ ಲೆಕ್ಕ, 1,38,462 ರೂಪಾಯಿ. 6 ವರ್ಷ 7 ತಿಂಗಳಿಗೆ ಬಿಟ್ಟರೆ ಏಳು ವರ್ಷದ ಲೆಕ್ಕ, 1,61,538 ರೂಪಾಯಿ.

ಐದು ವರ್ಷಕ್ಕೆ ಇನ್ನೂ ಕೆಲವು ತಿಂಗಳು ಬಾಕಿ ಇರುವವರಿಗಂತೂ ಈ ದಿನಾಂಕ ಬಹಳ ಮುಖ್ಯ. ಅವಸರದಲ್ಲಿ ಕಾಗದ ಕೊಟ್ಟರೆ ಇಡೀ ಮೊತ್ತಕ್ಕೇ ಎಳ್ಳುನೀರು. ಹೆರಿಗೆ ರಜೆಯ 26 ವಾರಗಳೂ ಸತತ ಸೇವೆಯಲ್ಲೇ ಸೇರುತ್ತವೆ. ‘ರಜೆಯಲ್ಲಿದ್ದಿರಲ್ಲ, ಅದು ಲೆಕ್ಕಕ್ಕಿಲ್ಲ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನೇಮಕಾತಿ ಪತ್ರದಲ್ಲಿರುವ ಸೇರಿದ ದಿನಾಂಕವನ್ನು ಮುಂದಿಟ್ಟುಕೊಂಡು ನೀವೇ ಎಣಿಸಿ.

ಪಿ.ಎಫ್. ತೆಗೆಯದೆ ಬಿಟ್ಟರೂ ಬಡ್ಡಿ ಬರುತ್ತಲೇ ಇರುತ್ತದೆ

ಕೆಲಸ ಬಿಟ್ಟ ಮೇಲೆ ಖಾತೆ ಸತ್ತುಹೋಗುತ್ತದೆ, ಬೇಗ ತೆಗೆದುಬಿಡಿ ಎಂಬ ಮಾತು ಇನ್ನೂ ಚಾಲ್ತಿಯಲ್ಲಿದೆ. 33ರ ವಯಸ್ಸಿನವರ ವಿಷಯದಲ್ಲಿ ಅದು ನಿಜವಲ್ಲ. ಹೊಸ ಕಂತು ಬರದಿದ್ದರೂ ನಿವೃತ್ತಿಯ ವಯಸ್ಸಿನವರೆಗೆ ಬಡ್ಡಿ ಸೇರುತ್ತದೆ. 2023–24 ಮತ್ತು 2024–25ಕ್ಕೆ ಈ ಬಡ್ಡಿ ಶೇ 8.25 ಇತ್ತು. ಇದೇ ದರ ಮುಂದುವರಿದರೆ 6 ಲಕ್ಷ ಮೂರು ವರ್ಷದಲ್ಲಿ ಸುಮಾರು 7.6 ಲಕ್ಷವಾಗುತ್ತದೆ. ಮುಟ್ಟದೆ ಬಿಟ್ಟರೆ ಆಕೆಗೆ 58 ತುಂಬುವಾಗ 43 ಲಕ್ಷ ದಾಟುತ್ತದೆ. ದರ ಪ್ರತಿವರ್ಷ ಬದಲಾಗುವಂಥದ್ದು. ಆದರೂ ಸ್ವಂತ ಹೆಸರಿನಲ್ಲಿ ಇಷ್ಟು ಭದ್ರವಾಗಿ ಬೆಳೆಯುವ ಹಣ ಬೇರೆ ಹೆಚ್ಚೇನಿಲ್ಲ.

ಎರಡು ಎಚ್ಚರಿಕೆ. ಒಟ್ಟು ಸೇವೆ ಐದು ವರ್ಷ ಆಗದವರು ಹಣ ತೆಗೆದರೆ, ಅನಾರೋಗ್ಯದಂಥ ಕೆಲವು ಕಾರಣಗಳನ್ನು ಬಿಟ್ಟರೆ, ತೆರಿಗೆ ಬೀಳುತ್ತದೆ. ಹಳೆಯ ಕಂಪನಿಯ ಖಾತೆಯನ್ನು ಹೊಸದಕ್ಕೆ ವರ್ಗಾಯಿಸಿಕೊಂಡಿದ್ದರೆ ಎರಡೂ ಸೇವೆ ಕೂಡುತ್ತವೆ. ಎರಡನೆಯದು, ಕೆಲಸದಲ್ಲಿದ್ದಾಗ ಸೇರಿದ ಬಡ್ಡಿಗಿರುವ ವಿನಾಯಿತಿ ಕೆಲಸ ಬಿಟ್ಟ ನಂತರದ ಬಡ್ಡಿಗೆ ಇಲ್ಲ. ಅದನ್ನು ಆದಾಯವೆಂದು ತೋರಿಸಬೇಕು. ಬೇರೆ ಆದಾಯವಿಲ್ಲದ ವರ್ಷಗಳಲ್ಲಿ ಇದರಿಂದ ಕಟ್ಟಬೇಕಾದ ತೆರಿಗೆ ಸಾಮಾನ್ಯವಾಗಿ ಸೊನ್ನೆಯೇ.

ಪಿ.ಎಫ್. ಚೀಟಿಯ ಒಳಗೆ ಒಂದು ಪಿಂಚಣಿಯೂ ಅಡಗಿದೆ

ನೀವು ಪಿಂಚಣಿ ಯೋಜನೆಯ ಸದಸ್ಯರಾಗಿದ್ದರೆ, ಕಂಪನಿ ಕಟ್ಟುವ ಪಾಲಿನಿಂದ ತಿಂಗಳಿಗೆ 1,250 ರೂಪಾಯಿವರೆಗೆ ಅದಕ್ಕೆ ಹೋಗುತ್ತದೆ. ಪಾಸ್‌ಬುಕ್ಕಿನಲ್ಲಿ ಅದು ಬೇರೆ ಕಲಂನಲ್ಲಿ ಕಾಣುತ್ತದೆ, ಬಡ್ಡಿ ಕಾಣುವುದಿಲ್ಲ. ಹಾಗಾಗಿ ಬಹಳ ಜನ ಅದನ್ನು ಮರೆತೇಬಿಡುತ್ತಾರೆ. ಹತ್ತು ವರ್ಷ ತುಂಬಿದರೆ 58ನೇ ವಯಸ್ಸಿನಿಂದ ಜೀವನಪೂರ್ತಿ ಪಿಂಚಣಿ. ನಮ್ಮ ಉದಾಹರಣೆಯಾಕೆ ಈ ಯೋಜನೆಯ ಸದಸ್ಯೆ ಎಂದುಕೊಳ್ಳಿ; ಎರಡು ತಿಂಗಳು ತಡೆದು ಬಿಟ್ಟರೆ ಸೇವೆ ಏಳು ವರ್ಷದ ಲೆಕ್ಕ. ಆಕೆ ಫಾರ್ಮ್ 10 ಸಿ ಕೊಟ್ಟು ಈ ಹಣವನ್ನು ಹಿಂಪಡೆಯಬಹುದು, ಒಂದು ಲಕ್ಷದ ಆಸುಪಾಸು ಸಿಗುತ್ತದೆ. ಆದರೆ ಅದೇ ಫಾರ್ಮಿನಲ್ಲಿ ಇನ್ನೊಂದು ಆಯ್ಕೆ ಇದೆ: ಸ್ಕೀಮ್ ಸರ್ಟಿಫಿಕೇಟ್. ಅದನ್ನು ಪಡೆದರೆ ಏಳು ವರ್ಷ ಹಾಗೇ ಉಳಿಯುತ್ತವೆ. ಮುಂದೆ ಎಲ್ಲಿ ಸೇರಿದರೂ ಇನ್ನು ಮೂರು ವರ್ಷ ದುಡಿದರೆ ಹತ್ತು ತುಂಬಿತು. 15,000 ರೂಪಾಯಿ ವೇತನ ಮಿತಿಯ ಲೆಕ್ಕದಲ್ಲಿ ಹತ್ತು ವರ್ಷಕ್ಕೆ ತಿಂಗಳಿಗೆ ಸುಮಾರು 2,142 ರೂಪಾಯಿ. ದೊಡ್ಡ ಮೊತ್ತವಲ್ಲ, ನಿಜ. ಆದರೆ ಹಿಂಪಡೆದರೆ ಎಣಿಕೆ ಮತ್ತೆ ಸೊನ್ನೆಯಿಂದ ಶುರು. ಮರಳಿ ಕೆಲಸಕ್ಕೆ ಹೋಗುವ ಮನಸ್ಸಿದ್ದವರು ಇದನ್ನು ಮುಟ್ಟಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಆಫೀಸಿನ ಮೊಬೈಲ್ ನಂಬರ್ ನಿಮ್ಮ ಹಣಕ್ಕೆ ಬೀಗ ಹಾಕಬಲ್ಲದು

ಕೊನೆಯ ದಿನ ಸಿಮ್ ವಾಪಸ್ ಕೊಟ್ಟು ಬರುತ್ತೇವೆ. ಆರು ತಿಂಗಳಾದ ಮೇಲೆ ಮ್ಯೂಚುವಲ್ ಫಂಡ್ ಹಣ ಬೇಕೆಂದು ಕೂತರೆ ಒಟಿಪಿ ಆ ಸಿಮ್‌ಗೆ ಹೋಗುತ್ತಿರುತ್ತದೆ, ಸ್ಟೇಟ್‌ಮೆಂಟ್ ಆಫೀಸಿನ ಇ–ಮೇಲ್‌ಗೆ ಹೋಗಿ ಮಾಯವಾಗುತ್ತಿರುತ್ತದೆ. ಆಧಾರ್, ಪಿ.ಎಫ್., ಬ್ಯಾಂಕ್, ಡಿಮ್ಯಾಟ್, ಮ್ಯೂಚುವಲ್ ಫಂಡ್ ಎಲ್ಲದರಲ್ಲೂ ಸ್ವಂತ ನಂಬರ್, ಸ್ವಂತ ಇ–ಮೇಲ್ ಇರುವಂತೆ ರಾಜೀನಾಮೆಗೆ ಮೊದಲೇ ಬದಲಿಸಿ. ಗಂಡನ ನಂಬರ್ ಕೊಡುವುದು ಬೇಡ. ನಂಬಿಕೆಯ ಪ್ರಶ್ನೆ ಅಲ್ಲ ಇದು, ನಿಮ್ಮ ಖಾತೆಯ ಒಟಿಪಿ ನಿಮ್ಮ ಕೈಗೇ ಬರಬೇಕು.

ಪಿ.ಎಫ್. ಪೋರ್ಟಲ್‌ನಲ್ಲಿ ಕೆಲಸ ಬಿಟ್ಟ ದಿನಾಂಕ ದಾಖಲಾಗಿದೆಯೇ ನೋಡಿ. ಕಂಪನಿ ದಾಖಲಿಸದಿದ್ದರೆ ಕೊನೆಯ ಕಂತು ಬಂದು ಎರಡು ತಿಂಗಳಾದ ಮೇಲೆ ನೀವೇ ದಾಖಲಿಸಬಹುದು. ಸಂಬಳದ ಖಾತೆಗೆ ಕೆಲವು ತಿಂಗಳು ಸಂಬಳ ಬರದಿದ್ದರೆ ಬ್ಯಾಂಕು ಅದನ್ನು ಸಾಮಾನ್ಯ ಉಳಿತಾಯ ಖಾತೆಯಾಗಿ ಬದಲಿಸುತ್ತದೆ. ಆಗ ಕನಿಷ್ಠ ಬಾಕಿ ಇಲ್ಲವೆಂದು ದಂಡ ಕಡಿತವಾಗಬಹುದು. ಕ್ರೆಡಿಟ್ ಕಾರ್ಡ್ ಬೇಕಿದ್ದರೆ ಸಂಬಳದ ಚೀಟಿ ಕೈಯಲ್ಲಿರುವಾಗಲೇ ಸ್ವಂತ ಹೆಸರಿನಲ್ಲಿ ಮಾಡಿಸಿಕೊಳ್ಳಿ. ಗಂಡನ ಖಾತೆಗೆ ಜೋಡಿಸಿದ ಹೆಚ್ಚುವರಿ ಕಾರ್ಡಿನಿಂದ ನಿಮ್ಮದೇ ಸಾಲದ ಚರಿತ್ರೆ ಬೆಳೆಯುವುದಿಲ್ಲ.

ಬಿಡುವಿನ ಹಣವನ್ನು ಮೂರು ಗಂಟಾಗಿ ಕಟ್ಟಬೇಕು

ಈಗ ಹೂಡಿಕೆಗೆ ಬರೋಣ. ಮೊದಲು ಆಕೆ ತನ್ನದೇ ಖರ್ಚಿನ ಪಟ್ಟಿ ಮಾಡಲಿ. ಮನೆ ಖರ್ಚಲ್ಲ, ತನ್ನದು: ತನ್ನ ಆರೋಗ್ಯ ವಿಮೆಯ ಕಂತು, ಫೋನು, ಓಡಾಟ, ತವರಿಗೆ ಕೊಡುವ ಹಣ, ಹೊಸದೇನಾದರೂ ಕಲಿಯುವ ಶುಲ್ಕ. ಎಲ್ಲ ಸೇರಿ ತಿಂಗಳಿಗೆ 12,000 ಎಂದುಕೊಳ್ಳಿ. ವರ್ಷಕ್ಕೆ 1.44 ಲಕ್ಷ, ಮೂರು ವರ್ಷಕ್ಕೆ 4.32 ಲಕ್ಷ. ಬ್ಯಾಂಕಿನಲ್ಲಿರುವ 3.2 ಲಕ್ಷ ಮತ್ತು ಗ್ರಾಚ್ಯುಟಿಯ 1.6 ಲಕ್ಷ ಸೇರಿದರೆ 4.8 ಲಕ್ಷ. ಅಂದರೆ ಬಿಡುವಿನ ಹಣ ಈಗಾಗಲೇ ಕೈಯಲ್ಲಿದೆ. ಜೋಡಿಸುವುದಷ್ಟೇ ಬಾಕಿ.

ಮೊದಲ ವರ್ಷದ 1.44 ಲಕ್ಷ ಉಳಿತಾಯ ಖಾತೆಯಲ್ಲಿ ಅಥವಾ ಲಿಕ್ವಿಡ್ ಫಂಡಿನಲ್ಲಿ. ಎರಡನೇ ವರ್ಷದ್ದು ಒಂದು ವರ್ಷದ ಎಫ್‌ಡಿಯಲ್ಲಿ. ಮೂರನೇ ವರ್ಷದ್ದು ಎರಡು ವರ್ಷದ ಎಫ್‌ಡಿಯಲ್ಲಿ. ಎಲ್ಲಕ್ಕೂ ಮೊದಲ ಹೆಸರು ಆಕೆಯದೇ. ಮಿಕ್ಕ 48,000 ಅನಿರೀಕ್ಷಿತ ಖರ್ಚಿಗೆ. ಪ್ರತಿ ತಿಂಗಳ ಒಂದನೇ ತಾರೀಕು 12,000 ರೂಪಾಯಿ ಆಕೆಯ ದಿನಬಳಕೆಯ ಖಾತೆಗೆ ತಾನಾಗಿಯೇ ಬೀಳುವಂತೆ ಬ್ಯಾಂಕಿಗೆ ಸೂಚನೆ ಕೊಟ್ಟರೆ ಸಂಬಳದ ದಿನದ ಅಭ್ಯಾಸವೂ ಉಳಿಯುತ್ತದೆ, ಕೈ ಚಾಚುವ ಸಂದರ್ಭವೂ ಬರುವುದಿಲ್ಲ.

ಈ ಏರ್ಪಾಡು ಕೆಡುವುದು ಹೆಚ್ಚಾಗಿ ಒಂದೇ ದಾರಿಯಲ್ಲಿ. ಮನೆಯ ಫ್ರಿಡ್ಜು ಕೆಟ್ಟಿತು, ಮಗುವಿನ ಶಾಲೆಗೆ ಶುಲ್ಕ ಕಟ್ಟಬೇಕು, ‘ನಿನ್ನ ಹತ್ತಿರ ಇದೆಯಲ್ಲ, ಸದ್ಯಕ್ಕೆ ಕೊಡು’ ಎಂದು ಗಂಟು ಕರಗುತ್ತದೆ. ಕೊಟ್ಟದ್ದು ವಾಪಸು ಬರುವುದು ಅಪರೂಪ. ಮೊದಲ ವರ್ಷ ಮುಗಿಯುವ ಮೊದಲೇ ಎರಡನೇ ವರ್ಷದ ಎಫ್‌ಡಿ ಮುರಿಯಬೇಕಾಗಿ ಬಂದರೆ, ಮನೆ ಖರ್ಚು ಇದರೊಳಕ್ಕೆ ನುಗ್ಗಿದೆ ಎಂದೇ ಅರ್ಥ. ಆಗ ಗಂಡ ಹೆಂಡತಿ ಕೂತು ಮನೆ ಖರ್ಚಿನ ಲೆಕ್ಕವನ್ನೇ ಮರುಹೊಂದಿಸಬೇಕು. 9.5 ಲಕ್ಷದ ಫಂಡನ್ನು ಮುರಿಯುವುದು ಪರಿಹಾರವಲ್ಲ. ಷೇರುಪೇಟೆ ಬಿದ್ದಾಗ ಹೊಟ್ಟೆಪಾಡಿಗಾಗಿ ಮಾರಬಾರದು ಎಂದೇ ಈ ಮೂರು ಗಂಟು ಕಟ್ಟಿದ್ದು.

ಸಂಬಳವಿಲ್ಲದ ವರ್ಷ ತೆರಿಗೆಯ ದೃಷ್ಟಿಯಿಂದ ಬಂಗಾರದ ವರ್ಷ

ಆ 9.5 ಲಕ್ಷದ ಫಂಡಿನಲ್ಲಿ ಲಾಭ 4.5 ಲಕ್ಷ ಇದೆ. ಒಂದು ವರ್ಷಕ್ಕಿಂತ ಹೆಚ್ಚು ಇಟ್ಟ ಈಕ್ವಿಟಿ ಫಂಡಿನ ಲಾಭದಲ್ಲಿ ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆ ಇಲ್ಲ, ಮಿಕ್ಕದ್ದಕ್ಕೆ ಶೇ 12.5. ಸಂಬಳ ಬರುವ ವರ್ಷದಲ್ಲಿ ಇದನ್ನು ಒಂದೇ ಸಲ ಮಾರಿದರೆ 3.25 ಲಕ್ಷಕ್ಕೆ ಸೆಸ್ ಸೇರಿ 42,250 ರೂಪಾಯಿ ತೆರಿಗೆ ಕಟ್ಟಬೇಕು.

ಬಿಡುವಿನ ವರ್ಷದಲ್ಲಿ ಲೆಕ್ಕವೇ ಬೇರೆ. ಹೊಸ ತೆರಿಗೆ ಪದ್ಧತಿಯಲ್ಲಿ 2025–26ರಿಂದ ಮೊದಲ 4 ಲಕ್ಷ ಆದಾಯಕ್ಕೆ ತೆರಿಗೆ ಇಲ್ಲ. ಬೇರೆ ಆದಾಯದಿಂದ ಈ ಮಿತಿ ತುಂಬದಿದ್ದರೆ, ಉಳಿದ ಜಾಗಕ್ಕೆ ಈ ಲಾಭವನ್ನು ಹೊಂದಿಸಿಕೊಳ್ಳಬಹುದು. ನಮ್ಮಾಕೆಗೆ ಪಿ.ಎಫ್. ಬಡ್ಡಿ ಸುಮಾರು 49,500, ಎಫ್‌ಡಿ ಬಡ್ಡಿ ಸುಮಾರು 20,000. ಒಟ್ಟು 70,000ದ ಹತ್ತಿರ. 4 ಲಕ್ಷದಲ್ಲಿ ಇದನ್ನು ಕಳೆದರೆ ಸುಮಾರು 3.3 ಲಕ್ಷದ ಜಾಗ ಉಳಿಯಿತು. ಲಾಭದಲ್ಲಿ 1.25 ಲಕ್ಷ ಬಿಟ್ಟು ಉಳಿದ 3.25 ಲಕ್ಷ ಅದರಲ್ಲಿ ಸರಿಯಾಗಿ ಕೂರುತ್ತದೆ. ತೆರಿಗೆ ಸೊನ್ನೆ. ಮಾರಿದ ಹಣವನ್ನು ಮತ್ತೆ ಅದೇ ಫಂಡಿಗೆ ಹಾಕಿದರೆ ಇನ್ನು ಮುಂದೆ ಆಕೆಯ ಖರೀದಿ ಬೆಲೆ 5 ಲಕ್ಷವಲ್ಲ, 9.5 ಲಕ್ಷ. ಹೂಡಿಕೆ ಅಷ್ಟೇ ಇದೆ, ಮುಂದೆ ಕಟ್ಟಬೇಕಿದ್ದ ತೆರಿಗೆ ಮಾತ್ರ ಇಳಿದಿದೆ.

ಇದು ಸರಿಹೋಗಲು ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಪೂರ್ತಿ ವರ್ಷ ಸಂಬಳ ಬಂದಿರಬಾರದು. ಡಿಸೆಂಬರ್‌ನಲ್ಲಿ ಕೆಲಸ ಬಿಟ್ಟವರಿಗೆ ಆ ವರ್ಷದ ಮಿತಿ ಸಂಬಳದಲ್ಲೇ ಮುಗಿದಿರುತ್ತದೆ, ಮುಂದಿನ ಏಪ್ರಿಲ್‌ವರೆಗೆ ಕಾಯಬೇಕು. ಮಾರುವ ಪ್ರತಿಯೊಂದು ಎಸ್‌ಐಪಿ ಕಂತಿಗೂ ವರ್ಷ ದಾಟಿರಬೇಕು. ತೆರಿಗೆ ಸೊನ್ನೆಯಾದರೂ ರಿಟರ್ನ್ಸ್ ಸಲ್ಲಿಸಲೇಬೇಕು. ಈ ಹೊಂದಾಣಿಕೆ ಭಾರತದ ನಿವಾಸಿಗಳಿಗೆ ಮಾತ್ರ ಎಂಬುದೂ ನೆನಪಿರಲಿ.

ಗಂಡ ಹೆಂಡತಿಯ ಹೆಸರಲ್ಲಿ ಎಫ್‌ಡಿ ಇಟ್ಟರೆ ಬಡ್ಡಿಯ ತೆರಿಗೆ ಯಾರದು?

ಗಂಡನದು. ಆತ ಕೊಟ್ಟ ಉಡುಗೊರೆಗೆ ತೆರಿಗೆ ಇಲ್ಲ, ಆದರೆ ಆ ಹಣದಿಂದ ಹುಟ್ಟುವ ಆದಾಯವನ್ನು ಆತನ ಆದಾಯಕ್ಕೇ ಸೇರಿಸಬೇಕು. ಎಷ್ಟೋ ಮನೆಗಳಲ್ಲಿ ಇದು ತಿಳಿಯದೆ ನೋಟಿಸು ಬಂದಮೇಲೆ ಗಾಬರಿಯಾಗುತ್ತಾರೆ. ಹತ್ತು ಲಕ್ಷ ಕೊಟ್ಟು ಶೇ 7ರಂತೆ 70,000 ಬಡ್ಡಿ ಬಂದರೆ ಅದು ಗಂಡನ ಲೆಕ್ಕ. ಆ 70,000ವನ್ನು ಮತ್ತೆ ಹೂಡಿ 4,900 ಬಂದರೆ ಅದು ನಿಮ್ಮ ಲೆಕ್ಕ. ಸೇರಿಸುವುದು ತೆರಿಗೆಗೆ ಮಾತ್ರ. ಅಸಲು ಹಣದ ಒಡೆತನ ನಿಮ್ಮದೇ. ಅಪ್ಪ ಅಮ್ಮ ಕೊಟ್ಟ ಹಣಕ್ಕೆ ಈ ನಿಯಮ ತಾಗುವುದಿಲ್ಲ. ಯಾರು ಕೊಟ್ಟರೂ ‘ಇದು ಉಡುಗೊರೆ’ ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿಸಿಟ್ಟುಕೊಳ್ಳಿ, ಹಣ ಬ್ಯಾಂಕಿನ ಮೂಲಕವೇ ಬರಲಿ.

ಇದರಿಂದ ಒಂದು ಸರಳ ಏರ್ಪಾಡು ಹೊಳೆಯುತ್ತದೆ. ಮನೆ ಖರ್ಚಿಗೆ ಗಂಡನ ಸಂಬಳ, ಹೂಡಿಕೆಗೆ ಹೆಂಡತಿಯ ಸ್ವಂತ ಹಣ. ಆಕೆ ತನ್ನ ಉಳಿತಾಯವನ್ನು ದಿನಸಿಗೆ ಸುರಿದು, ಆತ ತನ್ನ ಹೆಸರಿನಲ್ಲಿ ಫಂಡು, ಸೈಟು ಮಾಡಿಕೊಂಡು ಹೋದರೆ, ಮೂರು ವರ್ಷದ ಕೊನೆಗೆ ಆಕೆಯ ಬಳಿ ಬಿಲ್ಲುಗಳು ಮಾತ್ರ ಉಳಿಯುತ್ತವೆ.

ಬಿಡುವಿನಲ್ಲಿ ನಿಂತುಹೋಗುವುದು ಸಂಬಳವೊಂದೇ ಅಲ್ಲ

ನಮ್ಮ ಉದಾಹರಣೆಯಾಕೆಯ ಪಿ.ಎಫ್. ಮತ್ತು ಪಿಂಚಣಿಗೆ ಸೇರಿ ತಿಂಗಳಿಗೆ ಆಕೆಯ ಪಾಲು 4,800, ಕಂಪನಿಯ ಪಾಲು 4,800, ಒಟ್ಟು 9,600 ರೂಪಾಯಿ ಹೋಗುತ್ತಿತ್ತು. ಮೂರು ವರ್ಷದಲ್ಲಿ ಅದು 3,45,600. ಮಗುವನ್ನು ನೋಡಿಕೊಳ್ಳುವ ನಿರ್ಧಾರ ಇಬ್ಬರದಾದರೆ ಈ ನಷ್ಟವೂ ಇಬ್ಬರದೇ ಆಗಬೇಕು. ಕೆಲಸದಲ್ಲಿಲ್ಲದವರು ಪಿ.ಎಫ್.ಗೆ ಸ್ವಂತವಾಗಿ ಕಟ್ಟಲು ಬರುವುದಿಲ್ಲ. ಬದಲಿಗೆ ಆಕೆಯ ಹೆಸರಿನಲ್ಲಿ ಪಿ.ಪಿ.ಎಫ್. ಖಾತೆ ತೆರೆದು, ಗಂಡ ತಿಂಗಳಿಗೆ 10,000 ಕಟ್ಟಲಿ. ಪಿ.ಪಿ.ಎಫ್. ಬಡ್ಡಿಗೆ ತೆರಿಗೆಯೇ ಇಲ್ಲದ ಕಾರಣ ಗಂಡನ ಆದಾಯಕ್ಕೆ ಸೇರಿಸುವ ತಾಪತ್ರಯವೂ ಇಲ್ಲ. ವರ್ಷಕ್ಕೆ 1.5 ಲಕ್ಷದವರೆಗೆ ಕಟ್ಟಬಹುದು. ದರ 2020ರ ಏಪ್ರಿಲ್‌ನಿಂದ ಶೇ 7.1ರಲ್ಲಿದೆ. ಪ್ರತಿ ತಿಂಗಳ 5ನೇ ತಾರೀಕಿನೊಳಗೆ ಕಟ್ಟಿದರೆ ಆ ತಿಂಗಳ ಬಡ್ಡಿಯೂ ಸಿಗುತ್ತದೆ, 6ಕ್ಕೆ ಕಟ್ಟಿದರೆ ಇಲ್ಲ. ಅವಧಿ 15 ವರ್ಷ. ಆದ್ದರಿಂದ ತುರ್ತು ಹಣ ಇಡುವ ಜಾಗ ಇದಲ್ಲ. ಕೈ ಬಿಗಿಯಾದ ವರ್ಷ 500 ರೂಪಾಯಿಯಾದರೂ ಕಟ್ಟಿ ಖಾತೆ ಜೀವಂತ ಇಟ್ಟುಕೊಳ್ಳಿ.

ಮಹಿಳೆಯರಿಗೆಂದೇ ಇದ್ದ ಮಹಿಳಾ ಸಮ್ಮಾನ್ ಉಳಿತಾಯ ಪತ್ರವನ್ನು ಈಗಲೂ ಕೆಲವರು ಕೇಳುತ್ತಾರೆ. ಅದು 2025ರ ಮಾರ್ಚ್ 31ಕ್ಕೆ ಮುಚ್ಚಿದೆ.

ಕಂಪನಿಯ ಆರೋಗ್ಯ ವಿಮೆ ಕೆಲಸದ ಜೊತೆಗೇ ಹೋಗುತ್ತದೆ

ಕೊನೆಯ ದಿನ ಮುಗಿದರೆ ಅದೂ ಮುಗಿಯಿತು. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅವಕಾಶವಿದೆ, ಈಗಾಗಲೇ ಕಳೆದ ಕಾಯುವ ಅವಧಿಯ ಲಾಭವೂ ಸಿಗುತ್ತದೆ. ಆದರೆ ಕೆಲಸದಲ್ಲಿರುವಾಗಲೇ, ಒಂದೂವರೆ ಎರಡು ತಿಂಗಳು ಮೊದಲೇ ಅರ್ಜಿ ಹಾಕಬೇಕು. ಥೈರಾಯ್ಡ್, ಸಕ್ಕರೆ ಕಾಯಿಲೆ ಇದ್ದವರು ಹೊಸ ಪಾಲಿಸಿ ಕೊಂಡರೆ ಆ ಕಾಯಿಲೆಗಳಿಗೆ ಮೂರು ವರ್ಷದವರೆಗೆ ಕಾಯಬೇಕಾಗಬಹುದು. ನಿಮ್ಮ ಬಿಡುವೇ ಮೂರು ವರ್ಷದ್ದು. ವೈಯಕ್ತಿಕ ಆರೋಗ್ಯ ಮತ್ತು ಜೀವ ವಿಮೆಯ ಕಂತಿನ ಮೇಲಿದ್ದ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಲಾಗಿದೆ.

1874ರ ಕಾಯ್ದೆಯೊಂದು ಇಂದಿಗೂ ಹೆಂಡತಿಯ ಕಾವಲಿಗಿದೆ

ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆ ಎಂದು ಅದರ ಹೆಸರು. ಗಂಡ ತನ್ನ ಟರ್ಮ್ ವಿಮೆಯನ್ನು ಈ ಕಾಯ್ದೆಯಡಿ ಮಾಡಿಸಿದರೆ, ಆ ಹಣ ಹೆಂಡತಿ ಮಕ್ಕಳಿಗಾಗಿ ಇಟ್ಟ ಟ್ರಸ್ಟ್ ಆಗುತ್ತದೆ. ಗಂಡನ ವ್ಯಾಪಾರಕ್ಕೆ ಸಾಲ ಕೊಟ್ಟವರು ಅದಕ್ಕೆ ಕೈ ಹಾಕುವಂತಿಲ್ಲ, ಬಂಧುಗಳು ಪಾಲು ಕೇಳುವಂತಿಲ್ಲ, ಆತನೂ ಮನಸ್ಸು ಬದಲಿಸಿ ಫಲಾನುಭವಿಯ ಹೆಸರು ತೆಗೆಯುವಂತಿಲ್ಲ. ಹೆಚ್ಚುವರಿ ಖರ್ಚಿಲ್ಲ, ಪಾಲಿಸಿ ಕೊಳ್ಳುವಾಗ ಒಂದು ಫಾರ್ಮ್ ತುಂಬಿದರೆ ಆಯಿತು. ಹಳೆಯ ಪಾಲಿಸಿಗೆ ನಂತರ ಸೇರಿಸಲು ಬರುವುದಿಲ್ಲ. ಸಾಲ ಎತ್ತಿ ವ್ಯಾಪಾರ ಮಾಡುವವರ ಮನೆಯಲ್ಲಿ ಇದು ಇರಲೇಬೇಕು.

ಗೃಹಸಾಲದ ಮಾತೂ ಇಲ್ಲೇ ಬರುತ್ತದೆ. ಸಾಲದ ಕಾಗದಕ್ಕೆ ಸಹ–ಸಾಲಗಾರಳಾಗಿ ನೀವು ಸಹಿ ಹಾಕಿದ್ದರೆ, ಸಂಬಳ ನಿಂತಮೇಲೂ ಪೂರ್ತಿ ಸಾಲಕ್ಕೆ ನೀವು ಹೊಣೆ. ಗಂಡ ಒಂದು ಕಂತು ತಪ್ಪಿಸಿದರೂ ನಿಮ್ಮ ಸಿಬಿಲ್ ಅಂಕ ಇಳಿಯುತ್ತದೆ. ಹಾಗಿರುವಾಗ ಕ್ರಯಪತ್ರದಲ್ಲಿ ನಿಮ್ಮ ಹೆಸರಿದೆಯೇ? ಸಾಲಕ್ಕೆ ಹೆಸರಿದ್ದು ಮನೆಗೆ ಹೆಸರಿಲ್ಲದವರು ಬಹಳ ಮಂದಿ ಇದ್ದಾರೆ.

ಒಡವೆ ನಿಮ್ಮದೇ, ಕಾನೂನಿನ ಕಣ್ಣಿನಲ್ಲೂ

ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ತಂದು ಸ್ತ್ರೀಧನಕ್ಕೆ ಕಾನೂನಿನ ರೂಪ ಕೊಟ್ಟಿತ್ತು. ಸ್ತ್ರೀಧನ ಹೆಣ್ಣಿನ ಸಂಪೂರ್ಣ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1985ರಲ್ಲಿ ಹೇಳಿತು. 2024ರಲ್ಲಿ ಕೇರಳದ ಪ್ರಕರಣವೊಂದರಲ್ಲಿ, ಮದುವೆಯಲ್ಲಿ ತಂದ 89 ಪವನ್ ಚಿನ್ನ ಕಳೆದುಕೊಂಡ ಹೆಂಡತಿಗೆ ಗಂಡ 25 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಕಷ್ಟಕಾಲದಲ್ಲಿ ಗಂಡ ಅದನ್ನು ಬಳಸಬಹುದು, ಆದರೆ ಹಿಂದಿರುಗಿಸುವ ಹೊಣೆ ಆತನದು. ಒಡವೆಗಳ ಪಟ್ಟಿ, ತೂಕ, ಬಿಲ್ಲು, ಮದುವೆಯ ಫೋಟೋ ಒಟ್ಟಿಗೆ ಇಡಿ. ಲಾಕರ್ ನಿಮ್ಮ ಹೆಸರಿನಲ್ಲಿರಲಿ. ಗಂಡನ ವ್ಯವಹಾರಕ್ಕಾಗಿ ಅಡವಿಟ್ಟರೆ ಸಾಲದ ಹಣ ಯಾವ ಖಾತೆಗೆ ಹೋಯಿತು ಎಂಬುದಕ್ಕೆ ಬ್ಯಾಂಕಿನ ದಾಖಲೆ ಉಳಿಯಲಿ.

ಗಂಡನ ಜೊತೆ ವಿದೇಶಕ್ಕೆ ಹೊರಟವರಿಗೆ

ಅನಿವಾಸಿಯಾದ ಮೇಲೆ ಹೊಸ ಪಿ.ಪಿ.ಎಫ್. ತೆರೆಯುವಂತಿಲ್ಲ. ಹೊರಡುವ ಮೊದಲು ತೆರೆದಿದ್ದರೆ ಅವಧಿ ಮುಗಿಯುವವರೆಗೆ ಮುಂದುವರಿಸಬಹುದು. ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಅಮೆರಿಕಕ್ಕೆ ಹೋಗುವವರು ಇಲ್ಲಿನ ಮ್ಯೂಚುವಲ್ ಫಂಡನ್ನು ಏನು ಮಾಡಬೇಕೆಂದು ವಿಮಾನ ಹತ್ತುವ ಮೊದಲೇ ತೆರಿಗೆ ತಜ್ಞರನ್ನು ಕೇಳಿ. ಅಲ್ಲಿನ ಕಾನೂನು ವಿದೇಶಿ ಫಂಡುಗಳಿಗೆ ಬಹಳ ಕಠಿಣ.

ನೀವು ಉಯಿಲು ಬರೆಯದಿದ್ದರೆ ನಿಮ್ಮ ಹಣ ಯಾರಿಗೆ ಹೋಗುತ್ತದೆ?

ನಾಮಿನಿ ಹಾಕಿದ್ದೇನಲ್ಲ ಎನ್ನಬಹುದು. ನಾಮಿನಿ ಸಾಮಾನ್ಯವಾಗಿ ಹಣವನ್ನು ಪಡೆದು ವಾರಸುದಾರರಿಗೆ ತಲುಪಿಸುವವರು, ಒಡೆಯರಲ್ಲ. ವಾರಸುದಾರರು ಯಾರೆಂದು ಹೇಳುವುದು ಉಯಿಲು, ಅದಿಲ್ಲದಿದ್ದರೆ ಕಾನೂನು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಉಯಿಲು ಬರೆಯದೆ ತೀರಿಕೊಂಡ ಹೆಣ್ಣಿನ ಸ್ವಂತ ದುಡಿಮೆಯ ಆಸ್ತಿ ಮೊದಲು ಮಕ್ಕಳು ಮತ್ತು ಗಂಡನಿಗೆ ಹೋಗುತ್ತದೆ. ಅವರಿಲ್ಲದಿದ್ದರೆ ಗಂಡನ ವಾರಸುದಾರರಿಗೆ. ಆಕೆಯ ಸ್ವಂತ ತಾಯಿ ತಂದೆಯ ಸರದಿ ಅದಾದ ಮೇಲೆ.

2009ರಲ್ಲಿ ಸುಪ್ರೀಂ ಕೋರ್ಟ್ ಇಂಥದೇ ಪ್ರಕರಣದ ತೀರ್ಪು ಕೊಟ್ಟಿತು. ಮದುವೆಯಾದ ಮೂರೇ ತಿಂಗಳಿಗೆ ವಿಧವೆಯಾಗಿ, ಗಂಡನ ಮನೆಯಿಂದ ಹೊರಹಾಕಿಸಿಕೊಂಡು, ತವರಿನವರು ಓದಿಸಿದ್ದರಿಂದ ಕೆಲಸಕ್ಕೆ ಸೇರಿ ದುಡಿದ ಹೆಣ್ಣುಮಗಳು ಆಕೆ. ಬ್ಯಾಂಕಿನಲ್ಲೂ ಪಿ.ಎಫ್.ನಲ್ಲೂ ಹಣವಿತ್ತು, ಉಯಿಲು ಇರಲಿಲ್ಲ. ಆ ಹಣವೆಲ್ಲ ಗಂಡನ ಅಕ್ಕತಂಗಿಯ ಮಕ್ಕಳಿಗೆ ಹೋಯಿತು. ಸಹಾನುಭೂತಿಯಿಂದ ಕಾನೂನು ಬದಲಿಸಲಾಗದು ಎಂಬುದು ಕೋರ್ಟಿನ ನಿಲುವಾಗಿತ್ತು.

ಉಯಿಲಿಗೆ ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ. ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆದು, ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ಅವರಿಂದಲೂ ಸಹಿ ಹಾಕಿಸಿದರೆ ಸಾಕು. ಪಾಲು ಪಡೆಯುವವರು ಸಾಕ್ಷಿಗಳಾಗದಿರಲಿ. ರಾಜೀನಾಮೆ ಪತ್ರ ಕೊಡುವ ತಿಂಗಳಲ್ಲೇ ಈ ಹಾಳೆಯನ್ನೂ ಬರೆದಿಡಿ.